ಆರ್‌ಸಿ ಕಳೆದುಹೋದರೆ

ಆರ್‌ಸಿ ಕಾಣೆಯಾದಾಗ ಹೆಚ್ಚಿನವರು ಮಾಡುವುದು ಒಂದೇ ಕ್ರಮದಲ್ಲಿ. ಮೊದಲು ಬೀರು ತಡಕಾಡುತ್ತಾರೆ, ಆಮೇಲೆ ಗಾಡಿಯ ಡಿಕ್ಕಿ, ಆಮೇಲೆ ಜೆರಾಕ್ಸ್ ಅಂಗಡಿ. ಅಲ್ಲಿಯೂ ಸಿಗದಿದ್ದರೆ ಆರ್‌ಟಿಒ ಕಚೇರಿಯ ಎದುರಿನ ಬ್ರೋಕರ್‌ಗೆ ಫೋನು ಹೋಗುತ್ತದೆ. ಈ ಕೊನೆಯ ಹೆಜ್ಜೆಯನ್ನು ಒಂದೆರಡು ದಿನ ತಡೆಹಿಡಿಯಬಹುದು. ಡೂಪ್ಲಿಕೇಟ್ ಆರ್‌ಸಿಗೆ ಅರ್ಜಿ ಹಾಕುವುದು ಮೋಟಾರು ವಾಹನ ಇಲಾಖೆಯ ಕೆಲಸಗಳಲ್ಲಿ ಸುಲಭವಾದವುಗಳ ಪೈಕಿ ಒಂದು. ಬೈಕಿನದ್ದಾದರೆ ಸರ್ಕಾರಕ್ಕೆ ಕಟ್ಟಬೇಕಾದ ಹಣವೂ ಅಲ್ಪ. ಆದರೂ ಎಷ್ಟೋ ಅರ್ಜಿಗಳು ತಿಂಗಳುಗಟ್ಟಲೆ ಎಳೆದಾಡುತ್ತವೆ. ಆ ಎಳೆದಾಟಕ್ಕೆ ಕಾಗದ ಕಳೆದದ್ದು ಕಾರಣವಲ್ಲ. ಕಚೇರಿಯ ದಾಖಲೆಯಲ್ಲಿ ಒಂದಿದೆ, ಮಾಲೀಕರ ಕೈಯಲ್ಲಿ ಇನ್ನೊಂದಿದೆ ಎಂಬುದು ಕಾರಣ. ಕಾಗದ ಜೇಬಿನಲ್ಲಿರುವವರೆಗೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ.

ಗಾಡಿಯ ನೋಂದಣಿ ಇರುವುದು ಆರ್‌ಟಿಒ ಕಚೇರಿಯಲ್ಲಿ. ಹಿಂದೆ ಅದು ದಪ್ಪ ರಟ್ಟಿನ ಬಿ ರಿಜಿಸ್ಟರ್‌ನಲ್ಲಿತ್ತು, ಈಗ ‘ವಾಹನ್’ ಎಂಬ ಗಣಕ ವ್ಯವಸ್ಥೆಯಲ್ಲಿದೆ. ನಮ್ಮ ಕೈಗೆ ಬರುವ ಕಾಗದದ ಪುಸ್ತಕವಾಗಲಿ ಸ್ಮಾರ್ಟ್ ಕಾರ್ಡ್ ಆಗಲಿ ಆ ದಾಖಲೆಯ ಒಂದು ಪ್ರತಿ. ಹಾಗಾಗಿ ಆರ್‌ಸಿ ಕಳೆದವರ ಗಾಡಿ ನೋಂದಣಿ ಇಲ್ಲದ ಗಾಡಿಯಾಗಿಬಿಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರ ನವೆಂಬರ್‌ನಲ್ಲಿ ತಿದ್ದುಪಡಿ ತಂದು, ದಾಖಲೆಗಳನ್ನು ಕಾಗದದಲ್ಲಾಗಲಿ ಎಲೆಕ್ಟ್ರಾನಿಕ್ ರೂಪದಲ್ಲಾಗಲಿ ತೋರಿಸಬಹುದು ಎಂದು ಮಾಡಿದ್ದಾರೆ. ಡಿಜಿಲಾಕರ್‌ನಲ್ಲಿ ಇಲಾಖೆಯಿಂದಲೇ ಇಳಿಸಿಕೊಂಡ ಆರ್‌ಸಿ ಅಥವಾ ಎಂಪರಿವಾಹನ್ ಆ್ಯಪ್‌ನ ಆರ್‌ಸಿ ತೋರಿಸಿದರೆ ಸಾಕು. ನೀವೇ ಫೋಟೊ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡ ಚಿತ್ರಕ್ಕೆ ಮಾತ್ರ ಆ ಮಾನ್ಯತೆ ಇಲ್ಲ.

ಹಾಗಾದರೆ ಡೂಪ್ಲಿಕೇಟ್ ಏಕೆ ಬೇಕು? ಗಾಡಿ ಮಾರುವಾಗ, ಹೆಸರು ಬದಲಿಸುವಾಗ, ಬೇರೆ ರಾಜ್ಯಕ್ಕೆ ಒಯ್ಯಲು ಎನ್‌ಒಸಿ ಕೇಳುವಾಗ, ಸಾಲಕ್ಕೆ ಅಡವಿಡುವಾಗ ಮೂಲ ಪ್ರತಿಯನ್ನೇ ಕೇಳುತ್ತಾರೆ. ಆ ಗಳಿಗೆಯಲ್ಲಿ ಓಡಾಡಲು ಶುರು ಮಾಡಿದರೆ ಕೊಳ್ಳುವವರು ಕಾಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. 2016ರಲ್ಲಿ ಶಿವಮೊಗ್ಗದಲ್ಲಿ ಒಬ್ಬರು ಬ್ಯಾಂಕ್ ಸಾಲದಲ್ಲಿ ಬೈಕು ಕೊಂಡರು ಎನ್ನಿ. ನಂಬರು ಕೆಎ-14. ಸಾಲ ಕೊಟ್ಟದ್ದು ಸಿಂಡಿಕೇಟ್ ಬ್ಯಾಂಕ್. ಮೂರು ವರ್ಷದಲ್ಲಿ ಕಂತು ಮುಗಿಯಿತು. ಬ್ಯಾಂಕಿನವರು ಕೊಟ್ಟ ಕಾಗದಗಳನ್ನು ಒಂದು ಕವರಿನಲ್ಲಿ ಹಾಕಿಟ್ಟರು, ಆರ್‌ಟಿಒಗೆ ಹೋಗಲಿಲ್ಲ. ಈಗ ಅವರು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾರೆ. ಊರಿಂದ ಬರುವಾಗ ಬಸ್ಸಿನಲ್ಲಿ ಪರ್ಸು ಬಿದ್ದುಹೋಯಿತು, ಅದರಲ್ಲಿ ಆರ್‌ಸಿ ಕಾರ್ಡ್ ಇತ್ತು. ಈ ಒಂದೇ ಪ್ರಕರಣದಲ್ಲಿ ಸಾಮಾನ್ಯವಾಗಿ ಬರುವ ತೊಡಕುಗಳೆಲ್ಲ ಸೇರಿಕೊಂಡಿವೆ.

ಇವರು ಮೊದಲು ಮಾಡಬೇಕಾದದ್ದು ತಮ್ಮ ಗಾಡಿಯ ದಾಖಲೆ ಈಗ ಏನು ಹೇಳುತ್ತದೆ ಎಂದು ನೋಡುವುದು. parivahan.gov.in ತಾಣದಲ್ಲಿ ಅಥವಾ ಎಂಪರಿವಾಹನ್‌ನಲ್ಲಿ ಗಾಡಿ ನಂಬರು ಹಾಕಿದರೆ ನೋಂದಣಿಯ ಅವಧಿ, ವಿಮೆ, ಹೊಗೆ ತಪಾಸಣೆ, ಸಾಲ ಕೊಟ್ಟವರ ಹೆಸರು ಇಷ್ಟು ಕಾಣುತ್ತದೆ. ನಮ್ಮ ಉದಾಹರಣೆಯ ಬೈಕಿನ ಮುಂದೆ ಸಿಂಡಿಕೇಟ್ ಬ್ಯಾಂಕಿನ ಹೆಸರು ಇನ್ನೂ ನಿಂತಿರುತ್ತದೆ. ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಸಿಹೋಗುವುದಿಲ್ಲ, ಮಾಲೀಕರೇ ಅರ್ಜಿ ಕೊಟ್ಟು ತೆಗೆಸಬೇಕು. ಕಾರ್ಡ್ ಕಳೆಯುವವರೆಗೆ ಎಷ್ಟೋ ಜನರಿಗೆ ಈ ಸಂಗತಿಯೇ ಗೊತ್ತಿರುವುದಿಲ್ಲ.

ಎರಡನೆಯದು ಮೊಬೈಲ್ ನಂಬರು. ಆನ್‌ಲೈನ್ ಅರ್ಜಿಯಲ್ಲಿ ಒಟಿಪಿ ಹೋಗುವುದು ದಾಖಲೆಯಲ್ಲಿರುವ ನಂಬರಿಗೆ. ಗಾಡಿ ಕೊಂಡ ದಿನ ಶೋರೂಮಿನವರು ಯಾವ ನಂಬರು ಬರೆದರೋ ಅದೇ ಅಲ್ಲಿರುತ್ತದೆ. ಎಷ್ಟೋ ಸಲ ಅದು ಬಿಟ್ಟುಹೋದ ಸಿಮ್ಮಿನದ್ದು, ಕೆಲವೊಮ್ಮೆ ಶೋರೂಮಿನ ಹುಡುಗನದ್ದೇ. ನಂಬರು ಬದಲಿಸಿಕೊಳ್ಳಲು ಅದೇ ತಾಣದಲ್ಲಿ ಅವಕಾಶವಿದೆ. ಆದರೆ ಅದಕ್ಕೆ ಚಾಸಿ ನಂಬರು, ಎಂಜಿನ್ ನಂಬರು, ನೋಂದಣಿಯಾದ ದಿನಾಂಕ ಮತ್ತು ನೋಂದಣಿ ಮುಗಿಯುವ ದಿನಾಂಕ ತುಂಬಬೇಕು. ಇವೆಲ್ಲ ಬರೆದಿದ್ದದ್ದು ಕಳೆದುಹೋದ ಕಾರ್ಡಿನ ಮೇಲೆಯೇ.

ಇಲ್ಲಿ ಕೈಹಿಡಿಯುವುದು ವಿಮೆಯ ಪಾಲಿಸಿ. ಅದರ ಮೊದಲ ಪುಟದಲ್ಲೇ ಚಾಸಿ ಮತ್ತು ಎಂಜಿನ್ ನಂಬರುಗಳು ಪೂರ್ತಿಯಾಗಿ ಇರುತ್ತವೆ. ಪಾಲಿಸಿಯೂ ಸಿಗದಿದ್ದರೆ ಗಾಡಿಯ ಹತ್ತಿರವೇ ಹೋಗಿ ನೋಡಬಹುದು. ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ, ಅದು ಕೂತಿರುವ ಕತ್ತಿನ ಕೊಳವೆಯ ಬಲಬದಿಯಲ್ಲಿ ಒತ್ತಿದ ಅಕ್ಷರಗಳು ಕಾಣುತ್ತವೆ. ಧೂಳು, ಎಣ್ಣೆ ಮೆತ್ತಿಕೊಂಡಿದ್ದರೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ತೆಳುವಾದ ಕಾಗದ ಇಟ್ಟು ಪೆನ್ಸಿಲ್ಲಿನ ಮೊನೆಯನ್ನು ಅಡ್ಡಕ್ಕೆ ಹಿಡಿದು ಉಜ್ಜಿ. ಹದಿನೇಳು ಅಕ್ಷರ, ಅಂಕೆಗಳು ಕಾಗದದ ಮೇಲೆ ಬಿಳಿಯಾಗಿ ಮೂಡುತ್ತವೆ. ಈ ಹದಿನೇಳರಲ್ಲಿ ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು. ಆದ್ದರಿಂದ ‘ಒ’ ಥರ ಕಂಡದ್ದು ಸೊನ್ನೆಯೇ. ಆನ್‌ಲೈನ್ ಅರ್ಜಿ ಶುರುವಾಗುವುದೇ ಚಾಸಿ ನಂಬರಿನ ಕೊನೆಯ ಐದು ಅಂಕೆ ಕೇಳುವುದರಿಂದ. ಅಲ್ಲಿ ತಪ್ಪಾದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಕಾರುಗಳಲ್ಲಿ ಈ ನಂಬರು ಎಂಜಿನ್ ಕೋಣೆಯ ಹಿಂಗೋಡೆಯ ಮೇಲೋ ಮುಂದಿನ ಸೀಟಿನ ಕೆಳಗಿನ ನೆಲದ ಮೇಲೋ ಇರುತ್ತದೆ. ಸ್ಕೂಟರುಗಳಲ್ಲಿ ಒಂದೊಂದು ಮಾಡೆಲ್ಲಿಗೆ ಒಂದೊಂದು ಜಾಗ, ಮೆಕ್ಯಾನಿಕ್‌ ಅನ್ನು ಕೇಳಿದರೆ ತೋರಿಸುತ್ತಾರೆ.

ನೋಂದಣಿಯಾದ ದಿನಾಂಕಗಳೂ ನೆನಪಿಲ್ಲ, ಹಳೆಯ ಜೆರಾಕ್ಸ್ ಕೂಡ ಇಲ್ಲ ಎಂದಾದರೆ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಬೇಕು. ಕಚೇರಿಯ ದಾಖಲೆಯಲ್ಲಿ ಈ ಗಾಡಿಯ ಬಗ್ಗೆ ಏನೇನು ಬರೆದಿದೆಯೋ ಅದರ ದೃಢೀಕೃತ ಪ್ರತಿ ಅದು. ಅಪಘಾತದ ಕೇಸುಗಳಲ್ಲಿ ಪೊಲೀಸರು ಕೋರ್ಟಿಗೆ ಹಾಜರುಪಡಿಸುವುದು ಇದನ್ನೇ. ಸಣ್ಣ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಸಿಗುತ್ತದೆ. ಅದು ಆರ್‌ಸಿಯ ಬದಲಿಯಲ್ಲ, ಆದರೆ ಗಾಡಿಯ ಜಾತಕವೆಲ್ಲ ಅದರಲ್ಲಿರುತ್ತದೆ.

ಇನ್ನು ಪೊಲೀಸ್ ದೂರು. ಕೇಂದ್ರ ನಿಯಮಗಳ 53ನೇ ನಿಯಮ ಹೇಳುವುದು ಸರಳವಾಗಿದೆ. ಆರ್‌ಸಿ ಕಳೆದರೆ ಅಥವಾ ನಾಶವಾದರೆ, ಅದು ಎಲ್ಲಿ ಆಯಿತೋ ಆ ಠಾಣೆಗೆ ಬರವಣಿಗೆಯಲ್ಲಿ ತಿಳಿಸಬೇಕು, ಆರ್‌ಸಿ ಕೊಟ್ಟ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಶಿವಮೊಗ್ಗ ಬಿಟ್ಟ ಬಸ್ಸು ಬೆಂಗಳೂರು ತಲುಪುವಷ್ಟರಲ್ಲಿ ಪರ್ಸು ಎಲ್ಲಿ ಬಿತ್ತು ಎಂದು ಯಾರಿಗೆ ಗೊತ್ತು? ಭದ್ರಾವತಿಯ ಠಾಣೆಯೋ ತುಮಕೂರಿನದ್ದೋ ಎಂದು ತಲೆ ಕೆಡಿಸಿಕೊಳ್ಳುವ ಕಾಲ ಈಗಿಲ್ಲ. ಕರ್ನಾಟಕ ಪೊಲೀಸರ ‘ಇ-ಲಾಸ್ಟ್’ ಸೌಲಭ್ಯದಲ್ಲಿ ಮೊಬೈಲಿನಿಂದಲೇ ವರದಿ ಸಲ್ಲಿಸಬಹುದು. ಹೆಸರು, ವಿಳಾಸ, ಕಳೆದ ವಸ್ತು, ದಿನ, ಜಾಗ ಇವನ್ನು ತುಂಬಿದರೆ ಡಿಜಿಟಲ್ ಸಹಿ ಇರುವ ಸ್ವೀಕೃತಿ ಬರುತ್ತದೆ. ಜಾಗದ ಕಡೆ ಬಸ್ಸು ಹತ್ತಿದ ಊರು, ಇಳಿದ ಊರು, ಪರ್ಸು ಇಲ್ಲ ಎಂದು ಗೊತ್ತಾದ ಜಾಗ ಇಷ್ಟನ್ನು ಬರೆದರೆ ಆಯಿತು.

ಈ ವರದಿಯಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಕಳೆದ ವಸ್ತು ಎಂಬಲ್ಲಿ ಬರೀ ‘ಪರ್ಸು’ ಎಂದು ಬರೆದು ಬಿಡುತ್ತಾರೆ. ಆರ್‌ಟಿಒ ಕಚೇರಿಗೆ ಪರ್ಸು ಬೇಕಾಗಿಲ್ಲ. ಇಂಥ ನಂಬರಿನ ಗಾಡಿಯ ಮೂಲ ನೋಂದಣಿ ಪತ್ರ ಕಳೆದಿದೆ ಎಂಬ ಮಾತು ಅದರಲ್ಲಿ ಇರಬೇಕು. ಎರಡನೆಯದು, ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ತನ್ನ ಹೆಸರಿನಲ್ಲಿ ವರದಿ ಕೊಡುವುದು. ಕಳೆದವನು ಮಗನೇ ಇರಬಹುದು, ಆದರೆ ಅರ್ಜಿದಾರ ಅಪ್ಪ. ಹೆಸರುಗಳು ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ. ಇನ್ನೊಂದು ಮಾತು. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುಗಳಿಗೆ. ಪರ್ಸನ್ನು ಕದ್ದಿದ್ದಾರೆ, ಅಥವಾ ಡಿಕ್ಕಿಯಲ್ಲಿದ್ದ ಆರ್‌ಸಿಯ ಸಮೇತ ಗಾಡಿಯೇ ಕಳವಾಗಿದೆ ಎಂದಾದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಲೇಬೇಕು. ಆರ್‌ಸಿ ಹರಿದಿದೆ, ನೀರಿಗೆ ಬಿದ್ದು ಅಕ್ಷರ ಅಳಿಸಿದೆ ಎನ್ನುವವರಿಗೆ ದೂರಿನ ಗೋಜೇ ಇಲ್ಲ. ಆ ಹರಿದ ಪ್ರತಿಯನ್ನೇ ಅರ್ಜಿಯ ಜೊತೆ ಇಟ್ಟರೆ ಸಾಕು. ಹರಿದ ಕಾಗದವನ್ನು ಎಸೆದು ‘ಕಳೆದಿದೆ’ ಎಂದು ದೂರು ಕೊಡುವುದಕ್ಕಿಂತ ಅದು ಎಷ್ಟೋ ಸಲೀಸು.

ಅರ್ಜಿಯ ನಮೂನೆ ಫಾರಂ 26. parivahan.gov.in ನಲ್ಲಿ Vehicle Related Services ಒತ್ತಿ, ರಾಜ್ಯ ಆರಿಸಿ, ಗಾಡಿ ನಂಬರು ಮತ್ತು ಚಾಸಿಯ ಕೊನೆಯ ಐದು ಅಂಕೆ ಕೊಟ್ಟು, ಡೂಪ್ಲಿಕೇಟ್ ಆರ್‌ಸಿಯ ಸೇವೆ ಆರಿಸಿಕೊಂಡರೆ ಕಾರಣ, ಪೊಲೀಸ್ ವರದಿಯ ವಿವರ, ವಿಮೆಯ ವಿವರ ತುಂಬುವ ಪುಟ ಬರುತ್ತದೆ. ಹಣ ಕಟ್ಟಿದ ಮೇಲೆ ಅರ್ಜಿ ಸಂಖ್ಯೆಯೂ ರಸೀದಿಯೂ ಸಿಗುತ್ತವೆ. ಫಾರಂ 26ರಲ್ಲಿ ಓದದೆ ಸಹಿ ಹಾಕುವ ಒಂದು ವಾಕ್ಯವಿದೆ. ಈ ಗಾಡಿಯ ನೋಂದಣಿ ಅಮಾನತಾಗಿಲ್ಲ, ರದ್ದಾಗಿಲ್ಲ, ಆರ್‌ಸಿ ಕಳೆದ ಸಂದರ್ಭದ ಬಗ್ಗೆ ಮೇಲೆ ಬರೆದದ್ದೆಲ್ಲ ನಿಜ ಎಂಬ ಘೋಷಣೆ ಅದು. ಅದರ ಮೇಲಿನ ಖಾಲಿ ಜಾಗದಲ್ಲಿ ಕಳೆದ ಸಂದರ್ಭವನ್ನು ಬರೆಯಬೇಕು. ಅಲ್ಲಿ ಬರೆದದ್ದು ಪೊಲೀಸ್ ವರದಿಯಲ್ಲಿ ಬರೆದದ್ದೇ ಆಗಿರಬೇಕು. ವರದಿಯಲ್ಲಿ ಬಸ್ಸು ಎಂದೂ ಅರ್ಜಿಯಲ್ಲಿ ಮನೆ ಬದಲಿಸುವಾಗ ಎಂದೂ ಇದ್ದರೆ ಗುಮಾಸ್ತರು ಕಣ್ಣೆತ್ತಿ ನೋಡುತ್ತಾರೆ, ಆ ನೋಟ ನ್ಯಾಯವಾದದ್ದೇ.

ಶುಲ್ಕದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕಚೇರಿಯ ಎದುರಿನ ಅಂಗಡಿಯಲ್ಲಿ ಕೇಳುವ ಮೊತ್ತಕ್ಕೂ ಇದಕ್ಕೂ ಬಹಳ ದೂರ. ಕೇಂದ್ರ ನಿಯಮಗಳ 81ನೇ ನಿಯಮದ ಪ್ರಕಾರ ಡೂಪ್ಲಿಕೇಟ್ ಆರ್‌ಸಿಯ ಶುಲ್ಕ ಹೊಸ ನೋಂದಣಿ ಶುಲ್ಕದ ಅರ್ಧ. ಬೈಕಿನ ನೋಂದಣಿಗೆ 300 ರೂಪಾಯಿ, ಹಾಗಾಗಿ ಡೂಪ್ಲಿಕೇಟ್‌ಗೆ 150. ಸ್ವಂತದ ಕಾರಿಗೆ ನೋಂದಣಿ 600, ಡೂಪ್ಲಿಕೇಟ್‌ಗೆ 300. ಸ್ಮಾರ್ಟ್ ಕಾರ್ಡ್ ಎಂದರೆ ಅದಕ್ಕೆ 200 ಸೇರಿಸಿ. ಬೈಕಿಗೆ 350, ಕಾರಿಗೆ 500 ಆಯಿತು. ಅಂಚೆ ಅಥವಾ ಸೇವಾ ಶುಲ್ಕ ಎಂದು ಇನ್ನಷ್ಟು ಸೇರಿದರೂ ಅದು ಆನ್‌ಲೈನ್ ರಸೀದಿಯಲ್ಲಿ ಒಂದೊಂದಾಗಿ ಬಿಡಿಸಿ ಕಾಣುತ್ತದೆ. ರಸೀದಿಯಲ್ಲಿ ಇಲ್ಲದ ಹಣ ಇಲಾಖೆಗೆ ಹೋಗುವುದಲ್ಲ.

ಈಗ ನಮ್ಮ ಬೈಕಿನ ದೊಡ್ಡ ತೊಡಕಿಗೆ ಬರೋಣ, ದಾಖಲೆಯಲ್ಲಿ ಇನ್ನೂ ಕೂತಿರುವ ಬ್ಯಾಂಕು. ಆರ್‌ಟಿಒ ಭಾಷೆಯಲ್ಲಿ ಇದು ಎಚ್‌ಪಿ. ಸಾಲವಿರುವ ಗಾಡಿಯಾದರೆ ಫಾರಂ 26ನ್ನು ಎರಡು ಪ್ರತಿ ಕೊಡಬೇಕು, ಸಾಲ ಕೊಟ್ಟವರು ತಮ್ಮ ಭಾಗಕ್ಕೆ ಸಹಿ ಹಾಕಿರಬೇಕು. ಸಾಲಗಾರ ಮೂಲ ಆರ್‌ಸಿಯನ್ನು ಇನ್ನೆಲ್ಲೋ ಒತ್ತೆ ಇಟ್ಟು ಹೊಸದನ್ನು ತೆಗೆಯದಂತೆ ಇರುವ ತಡೆ ಇದು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಕಚೇರಿ ಒಪ್ಪುವುದಿಲ್ಲ, ಅದರ ದಾಖಲೆಯಲ್ಲಿ ಸಾಲ ಇನ್ನೂ ಜೀವಂತ.

“ಸಾರ್, ಕಂತು ಮುಗಿದು ವರ್ಷಗಳೇ ಆದ್ವು,” ಅನ್ನುತ್ತಾರೆ ಅರ್ಜಿದಾರರು.

“ಇರಬಹುದು ಸ್ವಾಮಿ, ನಮ್ಮಲ್ಲಿ ಎಚ್‌ಪಿ ಹಾಗೇ ಇದೆಯಲ್ಲ. ಬ್ಯಾಂಕಿನ ಎನ್‌ಒಸಿ, ಫಾರಂ 35 ತನ್ನಿ,” ಅನ್ನುತ್ತಾರೆ ಕೌಂಟರಿನವರು.

ಎಲ್ಲ ಆರ್‌ಟಿಒ ಕಚೇರಿಗಳಲ್ಲೂ ಈ ಸಂಭಾಷಣೆ ನಡೆಯುತ್ತದೆ. ಫಾರಂ 35 ಎಂಬುದು ಸಾಲದ ಒಪ್ಪಂದ ಮುಗಿದಿದೆ ಎಂಬ ತಿಳಿವಳಿಕೆ ಪತ್ರ, ಮಾಲೀಕರೂ ಬ್ಯಾಂಕಿನವರೂ ಇಬ್ಬರೂ ಸಹಿ ಹಾಕಬೇಕು. ಕಂತು ಮುಗಿದಾಗಲೇ ಬ್ಯಾಂಕು ಇದನ್ನು ಕೊಟ್ಟಿರುತ್ತದೆ. ಆ ಕವರು ಸಿಕ್ಕಿದರೂ ಕಾಗದ ಬಹಳ ಹಳೆಯದಾಗಿದ್ದರೆ ಕಚೇರಿಯವರು ಹೊಸದನ್ನು ಕೇಳಬಹುದು.

ಇಲ್ಲಿ ಕರ್ನಾಟಕದವರಿಗೇ ವಿಶೇಷವಾದ ಒಂದು ಗೋಜಲಿದೆ. ಗಾಡಿ ಸಾಲ ಕೊಟ್ಟ ನಮ್ಮ ಊರಿನ ಬ್ಯಾಂಕುಗಳು ಈಗ ಆ ಹೆಸರಿನಲ್ಲಿ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಆಯಿತು. ಅದರ ಮರು ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಆರ್‌ಟಿಒ ದಾಖಲೆಯಲ್ಲಿ ಹಳೆಯ ಹೆಸರೇ ಇರುತ್ತದೆ. ಹಾಗಾಗಿ ನಮ್ಮ ಉದಾಹರಣೆಯವರು ಈಗ ಹೋಗಬೇಕಾದದ್ದು ಕೆನರಾ ಬ್ಯಾಂಕಿಗೆ. ಅಲ್ಲಿ ಕೇಳುವಾಗ ಒಂದು ಮಾತು ಸೇರಿಸಿ ಕೇಳಬೇಕು. ಎನ್‌ಒಸಿಯಲ್ಲಿ ‘ಹಿಂದಿನ ಸಿಂಡಿಕೇಟ್ ಬ್ಯಾಂಕಿನ ಇಂಥ ಶಾಖೆಯ ಇಂಥ ಸಾಲದ ಖಾತೆ’ ಎಂದು ಸ್ಪಷ್ಟವಾಗಿ ಬರೆದುಕೊಡಿ ಎಂದು. ಬರೀ ಕೆನರಾ ಬ್ಯಾಂಕಿನ ಹೆಸರಿನ ಎನ್‌ಒಸಿ ತಂದರೆ, ದಾಖಲೆಯಲ್ಲಿರುವ ಬ್ಯಾಂಕು ಬೇರೆ ಎಂಬ ಕಾರಣಕ್ಕೆ ಇನ್ನೊಂದು ಸುತ್ತು ಬರುತ್ತದೆ. ಹಳೆಯ ಪಾಸ್‌ಬುಕ್ ಅಥವಾ ಸಾಲದ ಖಾತೆಯ ನಂಬರು ಕೈಯಲ್ಲಿದ್ದರೆ ಬ್ಯಾಂಕಿನವರಿಗೂ ಹುಡುಕುವುದು ಸುಲಭ.

ಈ ಕಾಗದಗಳು ಬಂದ ಮೇಲೆ ಡೂಪ್ಲಿಕೇಟ್ ಮತ್ತು ಎಚ್‌ಪಿ ರದ್ದತಿ ಎರಡನ್ನೂ ಒಟ್ಟಿಗೇ ಅರ್ಜಿ ಹಾಕುವುದು ಜಾಣತನ. ಎಚ್‌ಪಿ ರದ್ದತಿಗೆ ಬೇರೆ ಶುಲ್ಕ ಇರುತ್ತದೆ, ನಿಜ. ಆದರೆ ಈಗ ಬರೀ ಡೂಪ್ಲಿಕೇಟ್ ತೆಗೆದರೆ ಹೊಸ ಕಾರ್ಡಿನ ಮೇಲೂ ಹಳೆಯ ಬ್ಯಾಂಕಿನ ಹೆಸರು ಅಚ್ಚಾಗಿ ಬರುತ್ತದೆ. ಮುಂದೆ ಮಾರುವ ದಿನ ಅದನ್ನು ತೆಗೆಸಿ ಮತ್ತೊಂದು ಕಾರ್ಡಿಗೆ ದುಡ್ಡು ಕೊಡಬೇಕು.

ಅರ್ಜಿ ಹೋಗುವುದು ಗಾಡಿಯ ದಾಖಲೆ ಈಗ ಯಾವ ಕಚೇರಿಯಲ್ಲಿದೆಯೋ ಅಲ್ಲಿಗೆ. ನಮ್ಮ ಬೈಕಿನದ್ದು ಶಿವಮೊಗ್ಗ. ಬೆಂಗಳೂರಿನಲ್ಲಿ ವಾಸವಿದ್ದರೂ ಜಯನಗರದ ಕಚೇರಿಯವರು ಇದನ್ನು ಮಾಡಿಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ, ಹಣ ಎಲ್ಲ ಮುಗಿದರೂ ಮೂಲ ಕಾಗದಗಳನ್ನು ಸಲ್ಲಿಸಲು ಕಚೇರಿಗೆ ಹೋಗಬೇಕಾದ ಸಂದರ್ಭ ಬರಬಹುದು. ಆದ್ದರಿಂದ ಊರಿಗೆ ಹೋಗುವ ದಿನ ನೋಡಿಕೊಂಡು ಅರ್ಜಿ ಹಾಕುವುದು ಒಳ್ಳೆಯದು. ಅಂದು ಕೈಯಲ್ಲಿರಬೇಕಾದದ್ದು ಸಹಿ ಹಾಕಿದ ಫಾರಂ 26, ಪೊಲೀಸ್ ಸ್ವೀಕೃತಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್, ವಿಳಾಸದ ಪುರಾವೆ, ರಸೀದಿ, ಬ್ಯಾಂಕಿನ ಕಾಗದಗಳು. ಅಫಿಡವಿಟ್ ಎಂಬುದು 53ನೇ ನಿಯಮದಲ್ಲಿ ಇಲ್ಲ. ಆದರೂ ಕೆಲವು ಕಚೇರಿಗಳಲ್ಲಿ ಕೇಳುವ ರೂಢಿ ಇದೆ. ವಾದ ಮಾಡಿಕೊಂಡು ಇನ್ನೊಂದು ದಿನ ಬರುವುದಕ್ಕಿಂತ ಇ-ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿ ಕೊಟ್ಟುಬಿಡುವುದು ಅಗ್ಗ ಎಂದು ಬಹಳ ಜನ ಕೊಟ್ಟುಬಿಡುತ್ತಾರೆ. ನಿಯಮದಲ್ಲಿ ಇಲ್ಲದ್ದನ್ನು ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಕೇಳುವುದಾದರೆ ಕಚೇರಿಯ ಗೋಡೆಯ ಮೇಲೆ ಬರೆದು ಹಾಕಬೇಕು.

ವಿಮೆ ಮುಗಿದಿದ್ದರೆ ಮೊದಲು ವಿಮೆ ಮಾಡಿಸಿಕೊಂಡೇ ಅರ್ಜಿ ಹಾಕಿ. ದಂಡ ಕಟ್ಟದ ಚಲನ್‌ಗಳಿದ್ದರೆ, ತೆರಿಗೆ ಬಾಕಿ ಇದ್ದರೆ, ಗಾಡಿಯ ಮೇಲೆ ಯಾವುದೋ ಕೇಸಿನ ತಡೆ ಇದ್ದರೆ ಅರ್ಜಿ ನಡುವೆಯೇ ನಿಲ್ಲಬಹುದು. ಇವನ್ನೂ ದಾಖಲೆ ನೋಡುವ ಮೊದಲ ದಿನವೇ ನೋಡಿಕೊಳ್ಳಬೇಕು. ಗಾಡಿಗೆ ಹದಿನೈದು ವರ್ಷ ತುಂಬುವ ಹತ್ತಿರದಲ್ಲಿದ್ದರೆ ಲೆಕ್ಕ ಬೇರೆ. ಸ್ವಂತದ ಗಾಡಿಯ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು, ಆಮೇಲೆ ಫಾರಂ 25ರಲ್ಲಿ ನವೀಕರಣ. ಅವಧಿ ಮುಗಿಯಲು ಅರವತ್ತು ದಿನ ಇರುವಾಗಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಎರಡೂ ಕೆಲಸಕ್ಕೆ ಬೇರೆ ಬೇರೆಯಾಗಿ ಅಲೆಯುವ ಮುನ್ನ ಒಟ್ಟಿಗೆ ಆಗುತ್ತದೆಯೇ ಎಂದು ಕಚೇರಿಯಲ್ಲಿ ಕೇಳಿಕೊಳ್ಳಿ.

ಇಷ್ಟೆಲ್ಲ ಆಗುವುದು ಗಾಡಿ ನಿಮ್ಮ ಹೆಸರಿನಲ್ಲಿದ್ದಾಗ. ನಿಜವಾದ ಕಷ್ಟ ಇರುವುದು ಹೆಸರು ಬೇರೆಯವರದ್ದಾದಾಗ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಬೈಕು ಕೊಂಡು, ಸಹಿ ಮಾಡಿದ ಫಾರಂ 29, 30 ಇಸಿದುಕೊಂಡು, ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲೇ ಇರಲಿ ಎಂದು ವರ್ಷಗಟ್ಟಲೆ ಓಡಿಸುವವರು ಬಹಳ. ಆ ಆರ್‌ಸಿ ಕಳೆದರೆ ಡೂಪ್ಲಿಕೇಟ್ ಕೇಳುವ ಹಕ್ಕು ಕೊಂಡವರಿಗೆ ಇಲ್ಲ. ದೂರು ಕೊಡಬೇಕಾದವರು, ಫಾರಂ 26ಕ್ಕೆ ಸಹಿ ಹಾಕಬೇಕಾದವರು, ಒಟಿಪಿ ಹೇಳಬೇಕಾದವರು ಹಳೆಯ ಮಾಲೀಕರು. ಅವರು ಊರು ಬಿಟ್ಟಿದ್ದರೆ, ಫೋನು ಎತ್ತದಿದ್ದರೆ ಕೊಂಡವರ ಕೈಯಲ್ಲಿರುವುದು ಬರೀ ಕಬ್ಬಿಣ. ಡೂಪ್ಲಿಕೇಟ್ ಬಗ್ಗೆ ಆರ್‌ಟಿಒ ಬ್ರೋಕರುಗಳು ಹೇಳುವ ‘ಅಡ್ಜಸ್ಟ್ ಮಾಡೋಣ’ ಎಂಬ ಮಾತು ಹೆಚ್ಚಾಗಿ ಇಂಥ ಗಾಡಿಗಳ ಬಗ್ಗೆಯೇ. ಬೇರೆಯವರ ಹೆಸರಿನಲ್ಲಿ ಸಹಿ ಹಾಕಿ ಕೊಡುವುದು ಫೋರ್ಜರಿ, ಅದಕ್ಕೆ ಅಡ್ಜಸ್ಟ್ ಎಂಬ ಹೆಸರು ಇಟ್ಟರೂ.

ಅಪ್ಪ ತೀರಿಕೊಂಡ ಮೇಲೆ ಅವರ ಸ್ಕೂಟರಿನ ಆರ್‌ಸಿ ಸಿಗದೆ ಹೋದ ಮನೆಗಳೂ ಇವೆ. ಇಲ್ಲಿ ಅಪ್ಪನ ಹೆಸರಿನಲ್ಲಿ ಡೂಪ್ಲಿಕೇಟ್‌ಗೆ ಅರ್ಜಿ ಹಾಕುವುದು ದಾರಿಯೇ ಅಲ್ಲ, ಅರ್ಜಿದಾರರೇ ಇಲ್ಲವಲ್ಲ. ಕಾನೂನು ಇದಕ್ಕೆ ಬೇರೆ ದಾರಿ ಇಟ್ಟಿದೆ. ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಆ ಗಾಡಿಯನ್ನು ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ತಮ್ಮ ಹೆಸರಿಗೆ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಬೇಕು. ಆರ್‌ಸಿ ಕಳೆದಿದೆ ಎಂಬ ಪೊಲೀಸ್ ಸ್ವೀಕೃತಿಯನ್ನು ವಾರಸುದಾರರ ಹೆಸರಿನಲ್ಲಿ ಪಡೆದು ಆ ಅರ್ಜಿಯ ಜೊತೆಗೇ ಇಡುತ್ತಾರೆ. ಹೊಸ ಕಾರ್ಡ್ ನೇರವಾಗಿ ಅಮ್ಮನ ಅಥವಾ ಮಕ್ಕಳ ಹೆಸರಿಗೆ ಬರುತ್ತದೆ.

ಇನ್ನೊಂದು ಬಗೆಯ ‘ಕಳೆದ’ ಆರ್‌ಸಿ ಇದೆ, ಅದರ ಬಗ್ಗೆ ಎಚ್ಚರ ಬೇಕು. ಕೈಸಾಲ ಕೊಟ್ಟವರು ಭದ್ರತೆಗೆಂದು ಆರ್‌ಸಿ ಇಟ್ಟುಕೊಂಡಿರುತ್ತಾರೆ. ವಾಪಸ್ ಕೇಳಲು ಮುಖವಿಲ್ಲದೆ ‘ಕಳೆದಿದೆ’ ಎಂದು ದೂರು ಕೊಟ್ಟು ಡೂಪ್ಲಿಕೇಟ್ ತೆಗೆಯುವವರಿದ್ದಾರೆ. ಪೊಲೀಸರು ಯಾವುದೋ ಕೇಸಿನಲ್ಲಿ ವಶಪಡಿಸಿಕೊಂಡ ಆರ್‌ಸಿಗೂ ಇದೇ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಇ-ಲಾಸ್ಟ್‌ನಲ್ಲಿ ಸುಳ್ಳು ಮಾಹಿತಿ ಕೊಡುವುದೂ ಫಾರಂ 26ರಲ್ಲಿ ಸುಳ್ಳು ಘೋಷಣೆ ಮಾಡುವುದೂ ಶಿಕ್ಷಾರ್ಹ. ಮೂಲ ಕಾರ್ಡನ್ನು ಇಟ್ಟುಕೊಂಡವರು ಅದನ್ನು ಹೊರತೆಗೆದ ದಿನ ಸುಳ್ಳು ಬಯಲಾಗುತ್ತದೆ, ಏಕೆಂದರೆ ಡೂಪ್ಲಿಕೇಟ್ ಕೊಟ್ಟ ವಿಷಯ ಕಚೇರಿಯ ದಾಖಲೆಯಲ್ಲಿ ಉಳಿದಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಡೂಪ್ಲಿಕೇಟ್ ಆರ್‌ಸಿ ಕಂಡರೆ ಏಕೆ ತೆಗೆಸಿದಿರಿ ಎಂದು ಕೇಳುವುದೂ ಇದೇ ಕಾರಣಕ್ಕೆ. ಪೊಲೀಸ್ ಸ್ವೀಕೃತಿ ಮತ್ತು ರಸೀದಿಯನ್ನು ಎತ್ತಿಟ್ಟವರಿಗೆ ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುವುದಿಲ್ಲ.

ಅರ್ಜಿ ಯಾವ ಮೇಜಿನಲ್ಲಿದೆ ಎಂದು ಅರ್ಜಿ ಸಂಖ್ಯೆ ಹಾಕಿ ಅದೇ ತಾಣದಲ್ಲಿ ನೋಡಬಹುದು. ಮಂಜೂರಾದ ಕಾರ್ಡ್ ಸಾಮಾನ್ಯವಾಗಿ ಸ್ಪೀಡ್ ಪೋಸ್ಟ್‌ನಲ್ಲಿ ದಾಖಲೆಯಲ್ಲಿರುವ ವಿಳಾಸಕ್ಕೆ ಹೊರಡುತ್ತದೆ. ಶಿವಮೊಗ್ಗದ ಬಾಡಿಗೆ ಮನೆ ಬಿಟ್ಟಿದ್ದರೆ ಅದು ಅಲ್ಲಿಗೇ ಹೋಗಿ ಬಾಗಿಲು ತಟ್ಟಿ ವಾಪಸ್ ಬರುತ್ತದೆ. ಮನೆ ಬದಲಿಸಿದ್ದರೆ ಫಾರಂ 33ರಲ್ಲಿ ವಿಳಾಸ ಬದಲಾವಣೆಯ ಬಗ್ಗೆಯೂ ಅರ್ಜಿ ಹಾಕುವ ಮೊದಲೇ ಯೋಚಿಸಿ. ಕನಿಷ್ಠ ಆ ಮನೆಯವರಿಗೋ ಅಂಚೆಯಣ್ಣನಿಗೋ ಒಂದು ಮಾತು ಹೇಳಿಡಿ.

ಕಾರ್ಡ್ ಕೈಗೆ ಬಂದ ದಿನವೇ ಹೆಸರಿನ ಅಕ್ಷರ, ಚಾಸಿ ನಂಬರು, ಎಂಜಿನ್ ನಂಬರು ಇವನ್ನು ವಿಮೆಯ ಪಾಲಿಸಿಯ ಜೊತೆ ಇಟ್ಟು ತಾಳೆ ನೋಡಿ. ಎಚ್‌ಪಿ ತೆಗೆಸಿದ್ದರೆ ಬ್ಯಾಂಕಿನ ಹೆಸರು ಹೋಗಿದೆಯೇ ಎಂದೂ ನೋಡಿ. ತಪ್ಪಿದ್ದರೆ ಆಗಲೇ ಕಚೇರಿಗೆ ಬರೆದುಕೊಡಿ. ಮುಂದೊಂದು ದಿನ ಹಳೆಯ ಕಾರ್ಡ್ ಯಾವುದೋ ಪುಸ್ತಕದ ನಡುವೆ ಸಿಕ್ಕರೆ ಅದನ್ನು ಇಟ್ಟುಕೊಳ್ಳಬೇಡಿ, ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.